ಬಜೆಟ್ ಎಷ್ಟಿತ್ತು, ಆಗಿದ್ದೆಷ್ಟು: ಚಿಕ್ಕ ಸಂಘಕ್ಕೊಂದು ವ್ಯತ್ಯಾಸದ ಚಾರ್ಟ್

ನಮ್ಮದು ಬೆಂಗಳೂರಿನ 48 ಮನೆಗಳ ಅಪಾರ್ಟ್‌ಮೆಂಟ್. 2024ರಲ್ಲಿ ಅದರ ಸಂಘಕ್ಕೆ ನಾನು ಖಜಾಂಚಿಯಾದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಸಭೆಯಲ್ಲಿ ಹಂಚಿದೆ. ಬಜೆಟ್ ಒಂದು ಕಾಲಂ, ಆಗಿದ್ದು ಇನ್ನೊಂದು ಕಾಲಂ, ಕೊನೆಗೆ ವ್ಯತ್ಯಾಸ. ಎರಡನೇ ಮಹಡಿಯ ಹಿರಿಯರೊಬ್ಬರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಏನಪ್ಪಾ, ಟ್ಯಾಂಕರ್ ಮುಂದೆ 96,000 ಅಂತ ಇದೆ. ಅಷ್ಟೂ ಉಳಿಸಿಬಿಟ್ರಾ?"

ಉಳಿಸಿರಲಿಲ್ಲ. ಅಷ್ಟು ಜಾಸ್ತಿ ಖರ್ಚಾಗಿತ್ತು. ಅದೇ ಹಾಳೆಯಲ್ಲಿ ಮೇಂಟೆನೆನ್ಸ್ ವಸೂಲಿ ಮುಂದೆ ಮೈನಸ್ 56,000 ಅಂತ ಇತ್ತು. ಅದೂ ಕೆಟ್ಟ ಸುದ್ದಿಯೇ. ಎರಡೂ ನಷ್ಟ, ಆದರೆ ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್. ನಾನು ಎಲ್ಲಾ ಸಾಲಿಗೂ ಸುಮ್ನೆ "ಆಗಿದ್ದರಲ್ಲಿ ಬಜೆಟ್ ಕಳೆ" ಅಂತ ಒಂದೇ ಸೂತ್ರ ಎಳೆದಿದ್ದೆ. ಓದುವವರು ಪ್ರತಿ ಸಾಲಿನಲ್ಲೂ ನಿಂತು, ಇದು ಆದಾಯವೋ ಖರ್ಚೋ, ಹಾಗಾದರೆ ಪ್ಲಸ್ ಒಳ್ಳೆಯದೋ ಕೆಟ್ಟದ್ದೋ ಅಂತ ಯೋಚಿಸಬೇಕಾಗಿತ್ತು. ಯಾರು ಯೋಚಿಸ್ತಾರೆ?

ಆ ಹಾಳೆಯ ಜಾಗಕ್ಕೆ ಆಮೇಲೆ ಒಂದು ಚಾರ್ಟ್ ಬಂತು. ನಡುವೆ ಒಂದು ಗೆರೆ. ಬಜೆಟ್‌ಗಿಂತ ಚೆನ್ನಾಗಿ ಆಗಿದ್ದೆಲ್ಲ ಬಲಕ್ಕೆ, ಕೆಟ್ಟದಾಗಿ ಆಗಿದ್ದೆಲ್ಲ ಎಡಕ್ಕೆ. ಬಲಗಡೆಯದನ್ನು ಅನುಕೂಲ, ಎಡಗಡೆಯದನ್ನು ಪ್ರತಿಕೂಲ ಅಂತ ಕರೆಯುತ್ತೇನೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ಮೊದಲು ಶೀಟ್

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಯಾವುದಾದರೂ ಆಗುತ್ತೆ. ಮೊದಲ ನಾಲ್ಕು ಕಾಲಂ ಹೀಗಿರಲಿ: A ಕಾಲಂನಲ್ಲಿ ಬಾಬ್ತು, B ಕಾಲಂನಲ್ಲಿ ಗುರುತು, C ಕಾಲಂನಲ್ಲಿ ಬಜೆಟ್, D ಕಾಲಂನಲ್ಲಿ ಆಗಿದ್ದು. ಗುರುತು ಅಂದರೆ ಇಷ್ಟೇ: ಆದಾಯದ ಸಾಲಿಗೆ 1, ಖರ್ಚಿನ ಸಾಲಿಗೆ -1. ಇಡೀ ಚಾರ್ಟ್ ನಿಂತಿರುವುದು ಈ ಒಂದು ಕಾಲಂ ಮೇಲೆ. ಇನ್ನು ವ್ಯತ್ಯಾಸದ ಸೂತ್ರ E ಕಾಲಂನಲ್ಲಿ:

```
=(D2-C2)*B2
```

ಆದಾಯ ಜಾಸ್ತಿ ಬಂದರೆ ಪ್ಲಸ್. ಖರ್ಚು ಜಾಸ್ತಿ ಆದರೆ -1ರಿಂದ ಗುಣಿಸಿ ಮೈನಸ್. ಖರ್ಚು ಕಮ್ಮಿಯಾದರೆ ಮತ್ತೆ ಪ್ಲಸ್. ಇನ್ನು ಮೇಲೆ ಪ್ಲಸ್ ಅಂದರೆ ಸಂಘಕ್ಕೆ ಅನುಕೂಲ, ಮೈನಸ್ ಅಂದರೆ ಪ್ರತಿಕೂಲ, ಯಾವ ಸಾಲಾದರೂ ಸರಿ. ಬಜೆಟ್ ಮತ್ತು ಆಗಿದ್ದು ಎರಡನ್ನೂ ಯಾವಾಗಲೂ ಪ್ಲಸ್ ಅಂಕಿಯಾಗಿಯೇ ತುಂಬಿ. ಕೆಲವರು ಖರ್ಚನ್ನು ಮೊದಲೇ ಮೈನಸ್ ಹಾಕಿ ಬರೆಯುತ್ತಾರೆ. ಅದಕ್ಕೆ ಈ ಸೂತ್ರ ಹಾಕಿದರೆ ಎಲ್ಲಾ ತಲೆಕೆಳಗಾಗುತ್ತೆ.

B ಕಾಲಂನಲ್ಲಿ "ಆದಾಯ", "ಖರ್ಚು" ಅಂತ ಬರೆದು `IF` ಹಾಕುವುದೂ ಉಂಟು. ನಾನು ಹಾಗೇ ಶುರು ಮಾಡಿ ಕೈಸುಟ್ಟುಕೊಂಡೆ. ಒಂದು ಸಾಲಿನಲ್ಲಿ "ಆದಾಯ" ಪದದ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬಿದ್ದಿತ್ತು. ಕಂಪ್ಯೂಟರ್‌ಗೆ ಅದು ಬೇರೆಯೇ ಪದ. ಹಾಲ್ ಬಾಡಿಗೆ ಹೋಗಿ ಖರ್ಚಿನ ಲೆಕ್ಕಕ್ಕೆ ಸೇರಿ, ಬಂದ ಲಾಭ ಎಡಗಡೆಗೆ ತಿರುಗಿತು. ಅಂಕಿಯಲ್ಲಿ ಆ ಕಾಟ ಇಲ್ಲ.

ನಮ್ಮ ಅರ್ಧ ವರ್ಷದ ಲೆಕ್ಕ ಹೀಗಿತ್ತು:

| ಬಾಬ್ತು | ಗುರುತು | ಬಜೆಟ್ | ಆಗಿದ್ದು | ವ್ಯತ್ಯಾಸ |
|---|---|---|---|---|
| ಮೇಂಟೆನೆನ್ಸ್ ವಸೂಲಿ | 1 | 10,08,000 | 9,52,000 | -56,000 |
| ಹಾಲ್ ಬಾಡಿಗೆ | 1 | 30,000 | 44,000 | 14,000 |
| ಬ್ಯಾಂಕ್ ಬಡ್ಡಿ | 1 | 18,000 | 18,400 | 400 |
| ಸೆಕ್ಯುರಿಟಿ | -1 | 3,24,000 | 3,30,000 | -6,000 |
| ಹೌಸ್‌ಕೀಪಿಂಗ್ | -1 | 1,68,000 | 1,40,000 | 28,000 |
| ಟ್ಯಾಂಕರ್ ನೀರು | -1 | 90,000 | 1,86,000 | -96,000 |
| ಕಾಮನ್ ಕರೆಂಟ್ | -1 | 1,50,000 | 1,32,000 | 18,000 |
| ಜನರೇಟರ್ ಡೀಸೆಲ್ | -1 | 36,000 | 41,000 | -5,000 |
| ಲಿಫ್ಟ್ ಎಎಂಸಿ | -1 | 42,000 | 84,000 | -42,000 |
| ರಿಪೇರಿ | -1 | 60,000 | 38,000 | 22,000 |
| ಮ್ಯಾನೇಜರ್ ಸಂಬಳ | -1 | 1,20,000 | 1,20,000 | 0 |

E ಕಾಲಂ ಕೂಡಿಸಿದರೆ -1,22,600. ಇದು ಸರಿಯೋ ಇಲ್ಲವೋ ಅಂತ ನೋಡಲು ಶೀಟಿನಿಂದ ಹೊರಗೆ ಬನ್ನಿ, ಯಾಕೆಂದರೆ ತಪ್ಪಾದ ಗುರುತನ್ನು ಅದೇ ಗುರುತು ಬಳಸುವ ಸೂತ್ರ ಹಿಡಿಯಲಾರದು. ಬೇರೆ ಹಾಳೆಯಲ್ಲಿ ಒಟ್ಟು ಆದಾಯದಲ್ಲಿ ಒಟ್ಟು ಖರ್ಚು ಕಳೆಯಿರಿ. ಬಜೆಟ್ ಪ್ರಕಾರ 10,56,000ದಲ್ಲಿ 9,90,000 ಹೋಗಿ 66,000 ಉಳಿಯಬೇಕಿತ್ತು. ನಿಜಕ್ಕೆ ಬಂದದ್ದು 10,14,400, ಹೋದದ್ದು 10,71,000. ಅಂದರೆ 56,600 ಕೈಯಿಂದ ಹೋಗಿದೆ. 66,000 ಉಳಿಯಬೇಕಾದ ಕಡೆ 56,600 ಕೊರತೆ ಬಿತ್ತು ಅಂದರೆ ಒಟ್ಟು 1,22,600 ಹಿಂದೆ. ತಾಳೆ ಆಯಿತು. ಇದು ತಾಳೆ ಆಗದಿದ್ದರೆ ಚಾರ್ಟ್ ಕಡೆ ಹೋಗಲೇಬೇಡಿ. ವ್ಯತ್ಯಾಸ ಎಷ್ಟು ತಪ್ಪಿದೆಯೋ ಅದನ್ನು ಎರಡರಿಂದ ಭಾಗಿಸಿ, ಅಷ್ಟೇ ವ್ಯತ್ಯಾಸ ಇರುವ ಸಾಲು ಹುಡುಕಿ. ಸಾಮಾನ್ಯವಾಗಿ ಗುರುತು ತಿರುಗಿರುವುದು ಅಲ್ಲೇ.

ಗೆರೆ ಎಳೆಯುವ ಮೊದಲು, ಸುಳ್ಳು ಬಾರ್‌ಗಳನ್ನು ತೆಗೆಯಿರಿ

ಲೆಕ್ಕ ತಾಳೆಯಾಯಿತು ಅಂದ ಮಾತ್ರಕ್ಕೆ ಚಾರ್ಟ್ ನಿಜ ಹೇಳುತ್ತೆ ಅಂತಲ್ಲ. ಮೇಲಿನ ಟೇಬಲ್‌ನಲ್ಲಿ ಎರಡು ದೊಡ್ಡ ಸುಳ್ಳುಗಳಿವೆ.

ಹೌಸ್‌ಕೀಪಿಂಗ್‌ನಲ್ಲಿ 28,000 ಉಳಿದಂತೆ ಕಾಣುತ್ತಿದೆ. ತಿಂಗಳಿಗೆ 28,000ದಂತೆ ಆರು ತಿಂಗಳಿಗೆ 1,68,000 ಬಜೆಟ್. ಉಳಿದಿರುವುದು ಸರಿಯಾಗಿ ಒಂದು ತಿಂಗಳ ದುಡ್ಡು. ವ್ಯತ್ಯಾಸ ಹೀಗೆ ಒಂದು ತಿಂಗಳ ಮೊತ್ತಕ್ಕೆ ಸರಿಸಮ ಬಂದರೆ ಅನುಮಾನ ಪಡಿ. ಫೈಲ್ ತೆಗೆದು ನೋಡಿದರೆ ಸೆಪ್ಟೆಂಬರ್ ಬಿಲ್ ಇನ್ನೂ ಬಂದಿರಲಿಲ್ಲ. ಕಸ ಗುಡಿಸಿದ್ದು ಸೆಪ್ಟೆಂಬರ್‌ನಲ್ಲೇ, ಬಿಲ್ ಮಾತ್ರ ಅಕ್ಟೋಬರ್ 6ಕ್ಕೆ ಬಂತು. ಕೆಲಸ ಆದ ತಿಂಗಳಿಗೇ ಖರ್ಚು ಸೇರಬೇಕು. D ಕಾಲಂನಲ್ಲಿ 1,68,000 ಮಾಡಿದೆ, ವ್ಯತ್ಯಾಸ ಸೊನ್ನೆಯಾಯಿತು. ಹಾಗೆ ತಿದ್ದಿದ ಸಾಲಿನ ಮುಂದೆ "ಸೆಪ್ಟೆಂಬರ್ ಬಿಲ್ 28,000 ಸೇರಿದೆ, ಪಾವತಿ ಆಗಿಲ್ಲ" ಅಂತ ಬರೆದಿಡಿ. ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಅದನ್ನೇ ಇನ್ನೊಂದು ಸಲ ಸೇರಿಸುತ್ತೀರಿ.

ಎರಡನೆಯದು ಲಿಫ್ಟ್. ಎಎಂಸಿ, ಅಂದರೆ ವರ್ಷದ ನಿರ್ವಹಣಾ ಒಪ್ಪಂದ, 84,000. ಬಜೆಟ್ ಮಾಡುವಾಗ ಟ್ಯಾಂಕರ್ ಬಿಟ್ಟು ಮಿಕ್ಕ ಎಲ್ಲವನ್ನೂ 12ರಿಂದ ಭಾಗಿಸಿದ್ದೆ, ಹಾಗಾಗಿ ಅರ್ಧ ವರ್ಷಕ್ಕೆ 42,000 ಬಂತು. ಆದರೆ ಕಂಪನಿಯವರು ಏಪ್ರಿಲ್‌ನಲ್ಲೇ ಪೂರ್ತಿ ಬಿಲ್ ಕೊಡುತ್ತಾರೆ. ಪ್ರತಿ ವರ್ಷ ಹಾಗೇ. ಅಂದಮೇಲೆ ಇದು ಯಾರ ತಪ್ಪೂ ಅಲ್ಲ, ಬಜೆಟ್ ಹಂಚಿದ ರೀತಿ ತಪ್ಪು. C ಕಾಲಂನಲ್ಲಿ 84,000 ಮಾಡಿದೆ. ಅದೂ ಸೊನ್ನೆ.

ಬಜೆಟ್ ತಿದ್ದುವುದು ಅಂದರೆ ಕೆಲವರು ಹುಬ್ಬೇರಿಸುತ್ತಾರೆ. ವರ್ಷದ ಮೊತ್ತ ಮುಟ್ಟಬೇಡಿ, ಅದು ಸಭೆ ಒಪ್ಪಿದ್ದು. ಯಾವ ತಿಂಗಳಿಗೆ ಎಷ್ಟು ಅನ್ನುವುದನ್ನು ಮಾತ್ರ ಬಿಲ್ ಬೀಳುವ ತಿಂಗಳಿಗೆ ಹೊಂದಿಸಿ. ಇದನ್ನು ಏಪ್ರಿಲ್‌ನಲ್ಲೇ ಮಾಡಿಟ್ಟರೆ ಅಕ್ಟೋಬರ್‌ನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಟ್ಯಾಂಕರ್ ವಿಷಯದಲ್ಲಿ ಪುಣ್ಯಕ್ಕೆ ಮೊದಲೇ ಹಾಗೆ ಮಾಡಿದ್ದೆ. ಆರು ತಿಂಗಳಿಗೆ 100 ಲೋಡ್ ಅಂದಾಜಿನಲ್ಲಿ ಏಪ್ರಿಲ್‌ಗೆ 35, ಮೇಗೆ 35, ಮಳೆ ತಿಂಗಳುಗಳಿಗೆಲ್ಲ ಸೇರಿ 30. ಹಾಗಾಗಿ ಅಲ್ಲಿನ 96,000 ಬೇಸಿಗೆಯ ಲೆಕ್ಕದಾಟವಲ್ಲ, ನಿಜವಾಗಿ ಕೈಮೀರಿದ್ದು.

ಮೇಂಟೆನೆನ್ಸ್ ಸಾಲಿನಲ್ಲಿ ಮಾತ್ರ ನಾನು ಕೈಗೆ ಬಂದ ದುಡ್ಡನ್ನೇ ಇಡುತ್ತೇನೆ. ಲೆಕ್ಕಪತ್ರ ಓದಿದವರು ಇದನ್ನು ಒಪ್ಪುವುದಿಲ್ಲ. ಖರ್ಚನ್ನು ಬಿಲ್ ಪ್ರಕಾರ ಹಿಡಿದು ಆದಾಯವನ್ನು ರಸೀದಿ ಪ್ರಕಾರ ಹಿಡಿಯಬಾರದು ಅನ್ನುತ್ತಾರೆ, ಅವರ ಮಾತು ಸರಿ. ಆದರೆ 48 ಮನೆಗೆ ತಿಂಗಳಿಗೆ 3,500ರಂತೆ ಬರಬೇಕಾದ ಮೊತ್ತವನ್ನೇ ಬರೆದರೆ ಆ ಸಾಲಿನ ವ್ಯತ್ಯಾಸ ವರ್ಷವಿಡೀ ಸೊನ್ನೆಯೇ. ಬಾಕಿ ಇರುವ 56,000, ಅಂದರೆ ಎಲ್ಲಾ ಮನೆಗಳದ್ದೂ ಸೇರಿ 16 ಮಾಸಿಕ ಕಂತು, ಸಭೆಯ ಕಣ್ಣಿಗೇ ಬೀಳುವುದಿಲ್ಲ. ನಮ್ಮಂಥ ಸಂಘಕ್ಕೆ ನೋಡಬೇಕಾದ್ದೇ ಅದು. ಹಾಗಾಗಿ ಬಾಬ್ತಿನ ಹೆಸರಲ್ಲೇ "ವಸೂಲಿ" ಅಂತ ಬರೆದಿದ್ದೇನೆ.

ಎರಡು ತಿದ್ದುಪಡಿ ಆದಮೇಲೆ ಒಟ್ಟು ವ್ಯತ್ಯಾಸ -1,08,600. ಇದನ್ನು ಬರೆದಿಟ್ಟುಕೊಳ್ಳಿ, ಚಾರ್ಟಿನ ತಲೆಬರಹಕ್ಕೆ ಬೇಕು.

ಒಂದು ಕಾಲಂ ಎರಡಾಗಬೇಕು

ಅನುಕೂಲದ ಬಾರ್ ಒಂದು ಬಣ್ಣ, ಪ್ರತಿಕೂಲದ ಬಾರ್ ಇನ್ನೊಂದು ಬಣ್ಣ ಬೇಕಲ್ವಾ? ಅದಕ್ಕೆ E ಕಾಲಂ ಅನ್ನು ಎರಡಾಗಿ ಒಡೆಯಬೇಕು. F ಕಾಲಂಗೆ "ಅನುಕೂಲ", G ಕಾಲಂಗೆ "ಪ್ರತಿಕೂಲ" ಅಂತ ಹೆಸರು ಕೊಟ್ಟು ಈ ಸೂತ್ರಗಳನ್ನು ಹಾಕಿ ಕೆಳಗೆ ಎಳೆಯಿರಿ:

```
F2:  =MAX(E2,0)
G2:  =MIN(E2,0)
```

ಪ್ರತಿ ಸಾಲಿನಲ್ಲೂ ಒಂದು ಕಡೆ ಅಂಕಿ, ಇನ್ನೊಂದು ಕಡೆ ಸೊನ್ನೆ ಇರುತ್ತೆ. ಸೊನ್ನೆಯ ಬದಲು `NA()` ಹಾಕಿ ಅಂತ ಕೆಲವು ಕಡೆ ಹೇಳುತ್ತಾರೆ. ಗೆರೆ ಚಾರ್ಟ್‌ಗೆ ಅದು ಸರಿ. ಬಾರ್‌ಗೆ ಹಾಕಿದರೆ ಎಷ್ಟೋ ಸಲ ಲೇಬಲ್ ಜಾಗದಲ್ಲಿ `#N/A` ಅಂತಲೇ ಕಾಣಿಸಿಕೊಳ್ಳುತ್ತೆ. ಸೊನ್ನೆಯೇ ಇರಲಿ, ಅದನ್ನು ಮರೆಮಾಡುವ ಕೆಲಸ ನಂಬರ್ ಫಾರ್ಮ್ಯಾಟ್‌ಗೆ ಬಿಡಿ. F ಮತ್ತು G ಸೆಲ್‌ಗಳಿಗೆ ಇದನ್ನು ಕೊಡಿ:

```
+0.0,;-0.0,;""
```

ಮೊದಲ ಭಾಗ ಪ್ಲಸ್ ಅಂಕಿಗೆ, ಎರಡನೆಯದು ಮೈನಸ್‌ಗೆ, ಮೂರನೆಯದು ಸೊನ್ನೆಗೆ. ಸೊನ್ನೆ ಬಂದರೆ ಏನೂ ತೋರಿಸಬೇಡ ಅಂತ ಅರ್ಥ. ಕೊನೆಯ ಅಲ್ಪವಿರಾಮ ಅಂಕಿಯನ್ನು ಸಾವಿರದಲ್ಲಿ ತೋರಿಸುತ್ತೆ: -96,000 ಇದ್ದದ್ದು -96.0 ಆಗುತ್ತೆ. ಒಂದು ದಶಾಂಶ ಯಾಕೆ ಇಟ್ಟೆ ಅಂದರೆ, ಅದಿಲ್ಲದಿದ್ದರೆ ಬ್ಯಾಂಕ್ ಬಡ್ಡಿಯ 400 ರೂಪಾಯಿ "+0" ಅಂತ ಬಂದು ನಗೆಪಾಟಲಾಗುತ್ತೆ.

ಇನ್ನು ಸಾಲುಗಳ ಕ್ರಮ. ಲೆಡ್ಜರಿನ ಕ್ರಮದಲ್ಲೇ ಬಿಟ್ಟರೆ ಬಾರ್‌ಗಳು ಎಡಕ್ಕೂ ಬಲಕ್ಕೂ ಗೊತ್ತುಗುರಿಯಿಲ್ಲದೆ ಚಾಚಿ, ಮುರಿದ ಬಾಚಣಿಗೆ ತರಹ ಕಾಣುತ್ತೆ. ಶೀಟಿನ ಒಂದು ಪ್ರತಿ ಮಾಡಿ, E ಕಾಲಂ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ. ಆಗ ಟ್ಯಾಂಕರ್ ಮೊದಲು, ಆಮೇಲೆ ಮೇಂಟೆನೆನ್ಸ್, ಸೆಕ್ಯುರಿಟಿ, ಡೀಸೆಲ್. ನಡುವೆ ಸೊನ್ನೆಯ ಮೂರು ಸಾಲು. ಕೊನೆಗೆ ಬಡ್ಡಿ, ಹಾಲ್, ಕರೆಂಟ್, ರಿಪೇರಿ. ಸೊನ್ನೆಯ ಸಾಲುಗಳನ್ನು ಅಳಿಸಬೇಡಿ. "ಲಿಫ್ಟ್ ಲೆಕ್ಕ ಎಲ್ಲಿ ಹೋಯ್ತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಚಾರ್ಟ್ ಎಳೆಯುವುದು

ನಿಂತ ಬಾರ್ ಬೇಡ, ಮಲಗಿದ ಬಾರ್ ಬೇಕು. "ಮೇಂಟೆನೆನ್ಸ್ ವಸೂಲಿ" ಅನ್ನುವಂಥ ಹೆಸರು ನಿಂತ ಬಾರ್ ಕೆಳಗೆ ಹಿಡಿಯುವುದಿಲ್ಲ. ಅಡ್ಡಡ್ಡ ತಿರುಗಿ, ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ.

ಎಕ್ಸೆಲ್‌ನಲ್ಲಿ `A1:A12` ಆರಿಸಿ, `Ctrl` ಒತ್ತಿ ಹಿಡಿದು `F1:G12` ಆರಿಸಿ. `Insert` ಮೆನುವಿನಲ್ಲಿ ಬಾರ್ ಚಾರ್ಟ್ ಹೋಗಿ `Clustered Bar` ತೆಗೆದುಕೊಳ್ಳಿ. `Stacked Bar` ಕೂಡ ಆಗುತ್ತೆ, ಆದರೆ ಅದರಲ್ಲಿ ಲೇಬಲ್ ಅನ್ನು ಬಾರ್‌ನ ಹೊರತುದಿಗೆ ಇಡಲು ಬರುವುದಿಲ್ಲ. 5,000ದ ಪುಟ್ಟ ಬಾರ್ ಒಳಗೆ ಅಂಕಿ ಹಿಡಿಯುವುದೂ ಇಲ್ಲ.

ಮೊದಲು ಕಾಣುವ ಚಾರ್ಟ್ ಸೊಟ್ಟಗೆ ಇರುತ್ತೆ. ಪ್ರತಿ ಬಾಬ್ತಿಗೂ ಎರಡು ಬಾರ್‌ನ ಜಾಗ ಇದ್ದು, ಒಂದು ಖಾಲಿ. ಯಾವುದಾದರೂ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ `Format Data Series` ತೆರೆದು `Series Overlap` 100%, `Gap Width` 50% ಕೊಡಿ. ಈಗ ಎರಡೂ ಒಂದೇ ಸಾಲಿಗೆ ಬಂದು ಕೂರುತ್ತವೆ.

ಆಮೇಲಿನ ತೊಂದರೆ ಹೆಸರುಗಳದ್ದು. ಅವು ನಡುಗೆರೆಗೆ ಅಂಟಿಕೊಂಡು ಎಡಗಡೆಯ ಬಾರ್‌ಗಳ ಮೇಲೆಯೇ ಕೂತಿರುತ್ತವೆ. ಟ್ಯಾಂಕರ್ ಬಾರ್ ಮೇಲೆ "ಟ್ಯಾಂಕರ್ ನೀರು" ಅಂತ ಬರಹ ಬಿದ್ದು ಎರಡೂ ಓದಲು ಬರುವುದಿಲ್ಲ. ಹೆಸರಿನ ಅಕ್ಷದ ಮೇಲೆ ರೈಟ್ ಕ್ಲಿಕ್, `Format Axis`, ಅಲ್ಲಿ `Labels` ಕೆಳಗೆ `Label Position` ಅನ್ನು `Low` ಮಾಡಿ. ಹೆಸರುಗಳು ಎಡ ಅಂಚಿಗೆ ಸರಿಯುತ್ತವೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಚಾರ್ಟ್ ಅರ್ಧಕ್ಕೇ ಕೈಬಿಡುತ್ತಾರೆ.

ಎಕ್ಸೆಲ್ ಮಲಗಿದ ಬಾರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತೆ, ಹಾಗಾಗಿ ಟ್ಯಾಂಕರ್ ತಳಕ್ಕೆ ಹೋಗಿರುತ್ತೆ. ಅದೇ `Format Axis` ಒಳಗೆ `Categories in reverse order` ಟಿಕ್ ಮಾಡಿ. ಆಗ ರೂಪಾಯಿಯ ಅಳತೆ ಮೇಲಕ್ಕೆ ಹಾರುತ್ತೆ. ಅಲ್ಲೇ `At maximum category` ಆರಿಸಿದರೆ ಮತ್ತೆ ಕೆಳಗೆ ಬರುತ್ತೆ.

ಗೂಗಲ್ ಶೀಟ್ಸ್‌ನಲ್ಲಿ ಕೆಲಸ ಇನ್ನೂ ಕಮ್ಮಿ. `Stacked bar chart` ಆರಿಸಿ, `Data range` ಜಾಗದಲ್ಲಿ `A1:A12,F1:G12` ಅಂತ ಬರೆಯಿರಿ. ಕ್ರಮ ಉಲ್ಟಾ ಕಂಡರೆ `Reverse axis order` ಇದೆ. ಲಿಬ್ರೆ ಆಫೀಸ್‌ನಲ್ಲಿ ಬಾರ್‌ನ `Format Data Series` ಒಳಗೆ `Options` ಹೋದರೆ `Overlap` ಮತ್ತು `Spacing` ಸಿಗುತ್ತವೆ. ಹೆಸರುಗಳನ್ನು ಅಂಚಿಗೆ ಸರಿಸಲು ಅಕ್ಷದ `Positioning` ಒಳಗೆ `Place labels` ಅನ್ನು `Outside start` ಮಾಡಿ.

ಹಳೆಯ ಖಜಾಂಚಿಯವರ ಫೈಲ್‌ನಿಂದ ಬಾಬ್ತಿನ ಹೆಸರು ಕಾಪಿ ಮಾಡುವವರು ಒಂದನ್ನು ನೋಡಿಕೊಳ್ಳಿ. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಸೆಲ್‌ನಲ್ಲಿ ಕನ್ನಡ ಕಂಡರೂ ಚಾರ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತೆ. ಹನ್ನೊಂದೇ ಹೆಸರು, ಹೊಸದಾಗಿ ಟೈಪ್ ಮಾಡುವುದೇ ವಾಸಿ.

ಬಣ್ಣ, ಅಳತೆ, ತಲೆಬರಹ

ಬಣ್ಣ ಅಂದ ಕೂಡಲೇ ಕೈ ಹಸಿರು-ಕೆಂಪಿಗೆ ಹೋಗುತ್ತೆ. ನಾನೂ ಅದನ್ನೇ ಹಾಕಿದ್ದೆ. ಸೆಕ್ಯುರಿಟಿ ಕ್ಯಾಬಿನ್ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಲು ಮೂಲೆ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದಾಗ ಎರಡೂ ಒಂದೇ ಬೂದಿ ಬಣ್ಣಕ್ಕೆ ಬಂದವು. ಹಸಿರು-ಕೆಂಪು ಬೇರೆ ಮಾಡಿ ನೋಡಲಾಗದ ಕಣ್ಣಿನವರಿಗೆ ಜೆರಾಕ್ಸ್ ಇಲ್ಲದೆಯೂ ಅದೇ ಗತಿ. ಬರೀ ಬಣ್ಣ ಬೇರೆ ಆದರೆ ಸಾಲದು, ಒಂದು ತಿಳಿ, ಒಂದು ಗಾಢ ಇರಬೇಕು. ಈಗ ಅನುಕೂಲಕ್ಕೆ ತಿಳಿನೀಲಿ `#9ECAE1`, ಪ್ರತಿಕೂಲಕ್ಕೆ ಗಾಢ ಕಿತ್ತಳೆ `#B34700` ಬಳಸುತ್ತೇನೆ. ಜೆರಾಕ್ಸ್‌ನಲ್ಲೂ ಒಂದು ಬೆಳ್ಳಗೆ, ಒಂದು ಕಪ್ಪಗೆ ಕಾಣುತ್ತೆ.

ಲೇಬಲ್ ಹಾಕಲು ಎರಡೂ ಸೀರೀಸ್‌ಗೆ `Add Data Labels` ಕೊಟ್ಟು, ಜಾಗ `Outside End` ಮಾಡಿ. ಆಮೇಲೆ ಹಿಂದಿನ ಅಡ್ಡ-ಉದ್ದ ಗೆರೆಗಳನ್ನು ಅಳಿಸಿ. ಅಂಕಿ ಬರೆದೇ ಇರುವಾಗ ಅವು ಸುಮ್ನೆ ಗಲೀಜು. ನಡುವಿನ ಸೊನ್ನೆ ಗೆರೆಯನ್ನು ಮಾತ್ರ ಸ್ವಲ್ಪ ದಪ್ಪ ಮಾಡಿ. ಅಳತೆಯ ಕೆಳಗೆ "ಸಾವಿರ ರೂಪಾಯಿಗಳಲ್ಲಿ" ಅಂತ ಬರೆಯದಿದ್ದರೆ, 96 ರೂಪಾಯಿಗೆ ಇಷ್ಟು ಗಲಾಟೆಯೇ ಅಂತ ಯಾರಾದರೂ ಕೇಳಬಹುದು!

ರೂಪಾಯಿಯ ಅಳತೆಯನ್ನು ತಂತ್ರಾಂಶಕ್ಕೆ ಬಿಡದೆ ನೀವೇ ಕಟ್ಟಿ. ನಮ್ಮಲ್ಲಿ `Minimum` -120000, `Maximum` 120000. ಬಿಟ್ಟುಬಿಟ್ಟರೆ ಮುಂದಿನ ಅರ್ಧ ವರ್ಷದಲ್ಲಿ ದೊಡ್ಡ ವ್ಯತ್ಯಾಸ 20,000 ಇದ್ದರೂ ಅದು ಪುಟದ ತುಂಬ ಚಾಚಿಕೊಳ್ಳುತ್ತೆ. ಎರಡು ಹಾಳೆ ಪಕ್ಕಪಕ್ಕ ಇಟ್ಟವರಿಗೆ ಏನೂ ಸುಧಾರಿಸಿಲ್ಲ ಅನ್ನಿಸುತ್ತೆ.

ಬಾರ್ ಉದ್ದ ರೂಪಾಯಿಯಲ್ಲೇ ಇರಲಿ, ಶೇಕಡಾದಲ್ಲಿ ಬೇಡ. ಹಾಲ್ ಬಾಡಿಗೆ 30,000 ಇದ್ದಲ್ಲಿ 44,000 ಬಂದಿದೆ, ಅಂದರೆ ಶೇ. 47 ಜಾಸ್ತಿ. ಮೇಂಟೆನೆನ್ಸ್ ಕಮ್ಮಿಯಾಗಿರುವುದು ಶೇ. 5.6 ಮಾತ್ರ. ಶೇಕಡಾದಲ್ಲಿ ಎಳೆದರೆ ಹಾಲ್‌ನ ಬಾರ್ ಮೇಂಟೆನೆನ್ಸ್ ಬಾರ್‌ನ ಎಂಟು ಪಟ್ಟು ಉದ್ದ. ನಿಜಕ್ಕೆ ಹಾಲ್ ಕೊಟ್ಟದ್ದು 14,000, ಮೇಂಟೆನೆನ್ಸ್‌ನಲ್ಲಿ ಬಾಕಿ ನಿಂತದ್ದು 56,000. ಇದೇ ಕಾರಣಕ್ಕೆ "ಶೇ. 10 ದಾಟಿದ್ದಕ್ಕೆ ಮಾತ್ರ ವಿವರಣೆ" ಅನ್ನುವ ನಿಯಮವನ್ನೂ ನಾವು ಬಿಟ್ಟೆವು. ಆ ನಿಯಮದಲ್ಲಿ ನಮ್ಮ ಎರಡನೇ ದೊಡ್ಡ ಕೊರತೆಯೇ ತಪ್ಪಿಸಿಕೊಳ್ಳುತ್ತಿತ್ತು. ಈಗ 10,000 ರೂಪಾಯಿ ದಾಟಿದ ಪ್ರತಿ ಬಾರ್‌ಗೂ ಒಂದು ಸಾಲಿನ ವಿವರಣೆ ಬರೆಯುತ್ತೇವೆ.

ಒಟ್ಟು ಮೊತ್ತದ ಬಾರ್ ಸೇರಿಸಬೇಡಿ. ಅದು ಎಲ್ಲರಿಗಿಂತ ಉದ್ದ ಚಾಚಿ ಮಿಕ್ಕವನ್ನು ಕುಗ್ಗಿಸುತ್ತೆ. ಅದರ ಜಾಗ ತಲೆಬರಹ. "ಬಜೆಟ್ ಮತ್ತು ವಾಸ್ತವ, 2024" ಅಂತ ಹಾಕಿದರೆ ಯಾರಿಗೂ ಏನೂ ಹೇಳಿದಂತಾಗಲಿಲ್ಲ. ನಮ್ಮದು ಹೀಗಿತ್ತು: "ಏಪ್ರಿಲ್–ಸೆಪ್ಟೆಂಬರ್ 2024: ಬಜೆಟ್‌ಗಿಂತ 1,08,600 ರೂ. ಹಿಂದೆ, ಟ್ಯಾಂಕರ್ ಒಂದರಿಂದಲೇ 96,000". ಎಕ್ಸೆಲ್‌ನಲ್ಲಿ ಈ ಸಾಲನ್ನು ಒಂದು ಸೆಲ್‌ನಲ್ಲಿ ಬರೆದು, ಚಾರ್ಟಿನ ತಲೆಬರಹವನ್ನು ಆರಿಸಿ, ಫಾರ್ಮುಲಾ ಬಾರ್‌ನಲ್ಲಿ `=Sheet1!$J$1` ಅಂತ ಕೊಟ್ಟರೆ ಸೆಲ್ ಬದಲಾದಂತೆ ತಲೆಬರಹವೂ ಬದಲಾಗುತ್ತೆ. ಶೀಟಿನ ಹೆಸರು ನಿಮ್ಮದನ್ನು ಹಾಕಿಕೊಳ್ಳಿ.

ಉದ್ದದ ಬಾರ್ ಒಳಗೆ ಏನಿದೆ

ಚಾರ್ಟ್ ಎಲ್ಲಿ ನೋಡಬೇಕು ಅಂತ ತೋರಿಸುತ್ತೆ, ಯಾಕೆ ಅಂತ ಹೇಳುವುದಿಲ್ಲ. ಟ್ಯಾಂಕರ್‌ನ 96,000 ತೆಗೆದುಕೊಳ್ಳಿ. ಬಜೆಟ್‌ನಲ್ಲಿ 900ರಂತೆ 100 ಲೋಡ್. ಆಗಿದ್ದು 1,200ರಂತೆ 155 ಲೋಡ್. ದರವೂ ಏರಿದೆ, ಲೋಡೂ ಏರಿದೆ. ಯಾವುದರ ಪಾಲು ಎಷ್ಟು?

ದರದ ಪಾಲು: ಒಂದು ಲೋಡಿಗೆ 300 ಜಾಸ್ತಿ, ತರಿಸಿದ್ದು 155 ಲೋಡ್. 46,500. ಲೋಡಿನ ಪಾಲು: 55 ಲೋಡ್ ಜಾಸ್ತಿ, ಹಳೆಯ ದರ 900. 49,500. ಎರಡೂ ಕೂಡಿದರೆ 96,000. ದರ ವ್ಯತ್ಯಾಸವನ್ನು ಆದ ಲೋಡಿನಿಂದಲೂ, ಲೋಡಿನ ವ್ಯತ್ಯಾಸವನ್ನು ಬಜೆಟ್ ದರದಿಂದಲೂ ಗುಣಿಸಬೇಕು. ಎರಡಕ್ಕೂ ಹೊಸ ಅಂಕಿಯನ್ನೇ ಹಾಕಿದರೆ ಮೊತ್ತ 96,000 ದಾಟಿ ಹೋಗುತ್ತೆ.

ಹೀಗೆ ಒಡೆದ ಮೇಲೆ ಸಭೆಯ ಮಾತು ಬೇರೆಯಾಯಿತು. "ಟ್ಯಾಂಕರ್‌ನವನು ಸುಲಿಗೆ ಮಾಡಿದ, ನೀವು ಚೌಕಾಸಿ ಮಾಡಲಿಲ್ಲ" ಅನ್ನುವುದು ಮೊದಲ ದೂರು. ಆದರೆ ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು: 12,000 ಲೀಟರ್‌ಗೆ 5 ಕಿ.ಮೀ. ಒಳಗಾದರೆ 1,000 ರೂಪಾಯಿ, 5ರಿಂದ 10 ಕಿ.ಮೀ. ಆದರೆ 1,200. ನಮಗೆ ಬರುತ್ತಿದ್ದದ್ದು 12,000 ಲೀಟರಿನ ಟ್ಯಾಂಕರ್, ದೂರ 7 ಕಿ.ಮೀ. ಅಂದರೆ ದರದಲ್ಲಿ ಎಳೆದಾಡಲು ಹೆಚ್ಚೇನೂ ಇರಲಿಲ್ಲ, 900 ಅಂತ ಬಜೆಟ್ ಬರೆದದ್ದೇ ಹಳೆಯ ಲೆಕ್ಕ. ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಬೋರ್‌ವೆಲ್ ಬತ್ತಿದ್ದರಿಂದ ಬಂದದ್ದು.

ಈಗ ಬಲಗಡೆಯ ಕರೆಂಟ್ ಬಾರ್ ನೋಡಿ, 18,000 ಉಳಿದಿದೆ. ದೀಪ ಆರಿಸಿ ಉಳಿಸಿದ್ದಲ್ಲ ಅದು. ನಮ್ಮ ಬೋರ್‌ವೆಲ್ ಮೋಟರ್ 7.5 ಎಚ್‌ಪಿ, ಅಂದರೆ ಸುಮಾರು 5.6 ಕಿಲೋವ್ಯಾಟ್. ದಿನಕ್ಕೆ 6 ಗಂಟೆ ಓಡುತ್ತಿದ್ದದ್ದು ಎರಡು ತಿಂಗಳು ನಿಂತರೆ ಸುಮಾರು 2,000 ಯೂನಿಟ್. ಯೂನಿಟ್‌ಗೆ 9 ರೂಪಾಯಿ ಹಿಡಿದರೆ 18,000. ನೀರಿಲ್ಲದ್ದಕ್ಕೆ ಮೋಟರ್ ನಿಂತಿತು, ಮೋಟರ್ ನಿಂತಿದ್ದಕ್ಕೆ ಬಿಲ್ ಇಳಿಯಿತು. ಚಾರ್ಟ್‌ನ ಎರಡು ತುದಿಯ ಎರಡು ಬಾರ್, ಹುಟ್ಟಿದ್ದು ಒಂದೇ ಬೋರ್‌ವೆಲ್‌ನಿಂದ. ಹಾಗಾಗಿ ವಿವರಣೆಯಲ್ಲಿ ಎರಡನ್ನೂ ಸೇರಿಸಿ, ನೀರಿನ ತೊಂದರೆಯ ನಿವ್ವಳ ಹೊರೆ 78,000 ಅಂತ ಬರೆದೆ. ಮುಂದಿನ ಬೇಸಿಗೆಗೆ ಬಜೆಟ್ ಮಾಡುವಾಗ ಟ್ಯಾಂಕರ್ ಮಾತ್ರ ಏರಿಸಿ ಕರೆಂಟ್ ಹಾಗೇ ಬಿಟ್ಟರೆ ಅದೂ ತಪ್ಪೇ.

ತಿದ್ದಿದ ಚಾರ್ಟ್ ಹಿಡಿದು ಅಕ್ಟೋಬರ್ ಕೊನೆಗೆ ಮತ್ತೊಂದು ಸಭೆ ಕರೆದೆವು. ಒಂದೇ ಹಾಳೆ, ಹನ್ನೊಂದು ಸಾಲು, ಕೆಳಗೆ ಐದು ಸಾಲು ವಿವರಣೆ. ಎರಡನೇ ಮಹಡಿಯ ಅದೇ ಹಿರಿಯರು ಈ ಸಲ ಟ್ಯಾಂಕರ್ ಬಗ್ಗೆ ಕೇಳಲಿಲ್ಲ. ಬಲಗಡೆಯ ಅತಿ ಉದ್ದದ ಬಾರ್ ಮೇಲೆ ಬೆರಳಿಟ್ಟರು. ರಿಪೇರಿ, +22.0. "ಸಂಪ್ ಕ್ಲೀನ್ ಮಾಡಿಸದೇ ಉಳಿಸಿದ ದುಡ್ಡು ತಾನೇ ಇದು?" ಅಂದರು. ಹೌದು, ಅದೇ. ಜೂನ್‌ನಲ್ಲಿ ಆಗಬೇಕಿದ್ದ ಕೆಲಸ ಆಗಿರಲಿಲ್ಲ. ಆ 22,000ವನ್ನು ನವೆಂಬರ್ ಬಜೆಟ್‌ಗೆ ಸಾಗಿಸಿ, ಬಾರ್ ಪಕ್ಕದಲ್ಲಿ ಪೆನ್ನಿನಿಂದ "ಕೆಲಸ ಬಾಕಿ" ಅಂತ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ.